ಉಳಿದದ್ದೇನು, ಬದಲಾದದ್ದೇನು?

‘ಟ್ವಿಂಕಲ್ ಟ್ವಿಂಕಲ್’ ಧಾಟಿ ನಮ್ಮ ಶಿಶುವಿಹಾರದ ಮಕ್ಕಳಿಗೂ ಗೊತ್ತು. ಅದು ಹಳೆಯ ಫ್ರೆಂಚ್ ಹಾಡೊಂದರ ಧಾಟಿ. ಅದಕ್ಕೆ ಮೊಜಾರ್ಟ್ ಪಿಯಾನೊ ಮೇಲೆ ನುಡಿಸಲು ಹನ್ನೆರಡು ರೂಪಾಂತರಗಳನ್ನು ರಚಿಸಿದ. ಅವು 1785ರಲ್ಲಿ ವಿಯೆನ್ನಾದಲ್ಲಿ ಅಚ್ಚಾದವು.

ಇಂಥ ಕೃತಿ ಕೇಳಿದವರು ‘ಅಲಂಕಾರ ಹೆಚ್ಚುತ್ತಾ ಹೋಯಿತು’ ಎಂದುಬಿಡುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಪ್ರತಿ ರೂಪಾಂತರದಲ್ಲೂ ಉಳಿದದ್ದೇನು, ಬದಲಾದದ್ದೇನು ಎಂದು ನೋಡಬೇಕು.

ಮೊದಲನೆಯದರಲ್ಲಿ ಮೂಲದ ಒಂದು ಸ್ವರದ ಅವಧಿಯಲ್ಲಿ ಬಲಗೈ ನಾಲ್ಕು ಸ್ವರ ನುಡಿಸುತ್ತದೆ. ಧಾಟಿ ಆ ಓಟದೊಳಗೆ ಅಡಗಿದೆ. ಎರಡನೆಯದರಲ್ಲಿ ಓಟ ಎಡಗೈಗೆ ಇಳಿಯುತ್ತದೆ, ಧಾಟಿ ಮೇಲೆ ಸ್ಪಷ್ಟವಾಗಿ ಕೇಳುತ್ತದೆ. ಇಲ್ಲಿ ‘ವೇಗ ಹೆಚ್ಚಿತು’ ಎನ್ನುವುದು ತಪ್ಪು. ತಾಳದ ನಡೆ ಹಾಗೆಯೇ ಇದೆ, ಸ್ವರಗಳು ದಟ್ಟವಾಗಿವೆ, ಅಷ್ಟೆ. ಎಂಟನೆಯದರಲ್ಲಿ ಮೇಜರ್ ಹೋಗಿ ಮೈನರ್ ಬರುತ್ತದೆ: ಗಾಂಧಾರ ಕೋಮಲವಾಗುತ್ತದೆ, ಒಂದು ಕೈ ನುಡಿಸಿದ್ದನ್ನು ಇನ್ನೊಂದು ಹಿಂಬಾಲಿಸುತ್ತದೆ. ನಿಜವಾಗಿ ವೇಗ ಇಳಿಯುವುದು ಹನ್ನೊಂದನೆಯದರಲ್ಲಿ, ಅದು ವಿಳಂಬ. ಕೊನೆಯದು ಚುರುಕು, ಅಲ್ಲಿ ಎರಡೆಣಿಕೆಯ ತಾಳ ಮೂರೆಣಿಕೆಗೆ ತಿರುಗುತ್ತದೆ.

ಅನುಮಾನ ಬಂದರೆ ಮೂಲ ಧಾಟಿಯನ್ನು ಮೆಲ್ಲಗೆ ಗುನುಗುತ್ತಾ ಕೇಳಿ. ಹೊಂದಿಕೊಂಡು ಹೋದರೆ ಚೌಕಟ್ಟು ಉಳಿದಿದೆ ಎಂದರ್ಥ. ಎಲ್ಲಿ ತೊಡಕಾಯಿತೋ, ಬದಲಾವಣೆ ಅಲ್ಲಿದೆ.