ಫ್ರಿಜ್ ಮೇಲಿನ ಮೂರನೇ ರೂಲು

ದೇವನಹಳ್ಳಿಯ ನಮ್ಮ ಬಾಡಿಗೆ ಮನೇಲಿ ನಾಲ್ಕು ಜನ ಹುಡುಗರು, ಒಂದು ಫ್ರಿಜ್ಜು. ಅದರ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದ್ದೀವಿ. ಇವತ್ತು ಅದನ್ನೇ ಓದ್ತೀನಿ.

ರೂಲು ಒಂದು: ಮೊಸರು ಖಾಲಿ ಮಾಡಿದವನೇ ಹೆಪ್ಪು ಹಾಕಬೇಕು. ತಳದಲ್ಲಿ ಒಂದು ಚಮಚ ಬಿಟ್ಟು 'ನಾನು ಖಾಲಿ ಮಾಡಿಲ್ಲ' ಅನ್ನೋ ಹಂಗಿಲ್ಲ.

ರೂಲು ಎರಡು: ಏರ್‌ಪೋರ್ಟ್ ನೈಟ್ ಶಿಫ್ಟ್‌ನವನು ಮಲಗಿರೋವಾಗ ಮಿಕ್ಸಿ ಹಾಕಬಾರದು. ಚಟ್ನಿ ಬೇಕೇ ಬೇಕು ಅಂದ್ರೆ ಹೋಟೆಲ್ಲಿಂದ ತರೋದು.

ರೂಲು ಮೂರು: 'ಗೀಸರ್ ಮಹಾರಾಜರು ಹತ್ತೇ ನಿಮಿಷದಲ್ಲಿ ಸ್ನಾನ ಮುಗಿಸತಕ್ಕದ್ದು.' ಇದನ್ನ ಈಗ ಹೊಡೆದು ಹಾಕಿದ್ದೀವಿ. ಯಾಕೆ ಅಂತ ಹೇಳ್ತೀನಿ ಕೇಳಿ.

ನಮ್ಮನೆಗೆ ಗೃಹಜ್ಯೋತಿ ಇದೆ. ಈ ಮೀಟರಿನ 2022-23ರ ಸರಾಸರಿ ತಿಂಗಳಿಗೆ 160 ಯೂನಿಟ್. ಅದಕ್ಕೆ ಶೇಕಡಾ 10 ಸೇರಿಸಿದ್ರೆ 176. ಅಲ್ಲಿವರೆಗೆ ಬಿಲ್ಲು ಸೊನ್ನೆ. 176 ದಾಟಿದ್ರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ದುಡ್ಡು. ಆದ್ರೆ 200 ದಾಟಿದ್ರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಆ ತಿಂಗಳು ಬಂದಿದ್ದು 206. ಆರು ಯೂನಿಟ್ಟಿಗೋಸ್ಕರ ಸಾವಿರದ ಮೇಲೆ ಹೋಯ್ತು!

ಬಿ.ಕಾಂ. ಓದಿದವನು ನಾನೊಬ್ಬನೇ, ಹಾಗಾಗಿ ಲೆಕ್ಕ ನಂದು. ಶಿಫ್ಟ್ ಮುಗಿಸಿ ಬರೋನು ಅರ್ಧ ಗಂಟೆ ಸ್ನಾನ ಮಾಡ್ತಾನೆ. ನಮ್ಮ ಗೀಸರ್ 2 ಕಿಲೋವ್ಯಾಟ್, ಒಂದು ಗಂಟೆ ಕಾಯಿಸಿದ್ರೆ 2 ಯೂನಿಟ್. 'ಮಗಾ, ಕಳ್ಳ ನೀನೇ' ಅಂತ ಅರ್ಧ ಬಿಲ್ಲು ಅವನ ತಲೆಗೆ ಕಟ್ಟಿದೆ. ಅವನು ಮಾತಾಡದೆ ದುಡ್ಡು ಹಾಕಿದ. ಆಮೇಲೆ ಒಂದು ವಾರ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಯುಗಾದಿಗೆ ನಾಲ್ಕೂ ಜನ ಎರಡು ದಿನ ಊರಿಗೆ ಹೋದ್ವಿ. ಹೋಗೋವಾಗ ಮೀಟರಿನ ಫೋಟೋ ತಗೊಂಡಿದ್ದೆ. ವಾಪಸ್ ಬಂದು ನೋಡಿದ್ರೆ 5 ಯೂನಿಟ್ ಏರಿದೆ! ನಮ್ಮ ಫ್ರಿಜ್ಜು ದಿನಕ್ಕೆ ಹೆಚ್ಚು ಕಮ್ಮಿ ಒಂದು ಯೂನಿಟ್ ತಿನ್ನುತ್ತೆ, ಅದು 2 ಆಯ್ತು. ಉಳಿದ 3 ಎಲ್ಲಿ ಹೋಯ್ತು? ಬಾತ್‌ರೂಮ್ ಮುಂದೆ ಗೀಸರ್ ಸ್ವಿಚ್ಚಿನ ಕೆಂಪು ದೀಪ ಉರೀತಿತ್ತು.

ಹಳೇ ಗೀಸರ್. ಯಾರೂ ಸ್ನಾನ ಮಾಡದಿದ್ರೂ ಒಳಗಿನ ನೀರು ಆರುತ್ತೆ, ಅದು ಮತ್ತೆ ಕಾಯಿಸುತ್ತೆ. ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ 45. ಬೆಳಿಗ್ಗೆ ಮೊದಲು ಸ್ನಾನ ಮಾಡಿ, 'ಎಲ್ರಿಗೂ ಬಿಸಿನೀರು ಇರ್ಲಿ' ಅಂತ ದಿನಾ ಸ್ವಿಚ್ ಬಿಟ್ಟು ಹೋಗ್ತಿದ್ದ ಪುಣ್ಯಾತ್ಮ ಯಾರು ಗೊತ್ತಾ? ನಾನೇ.

ಅವನ ಪಾಲಿಗಿಂತ ಹೆಚ್ಚು ತಗೊಂಡಿದ್ದ ದುಡ್ಡನ್ನ ಅವತ್ತೇ ವಾಪಸ್ ಕೊಟ್ಟೆ. ಈಗ ಪ್ರತಿ ಭಾನುವಾರ ಮೀಟರ್ ಫೋಟೋ ಗ್ರೂಪಿಗೆ ಹೋಗುತ್ತೆ. ರೀಡಿಂಗ್ ತಗೊಂಡು ಹದಿನೈದು ದಿನಕ್ಕೆ 88 ದಾಟಿದ್ರೆ ಎಲ್ರೂ ಹುಷಾರ್.

ಹೊಸ ಮೂರನೇ ರೂಲು ಅವನೇ ಬರೆದಿದ್ದು: 'ಲೆಕ್ಕದ ಮೇಷ್ಟ್ರು ಮೊದಲು ಸ್ವಿಚ್ ನೋಡತಕ್ಕದ್ದು, ಆಮೇಲೆ ನಮ್ಮ ಮುಖ.' ಕೆಳಗೆ ನನ್ನ ಸಹಿ ಇದೆ.

ಮುಂದಿನ ವಾರ ಸಿಗೋಣ.