ಕೊಬ್ಬಿದ ಮರಿಗಳನ್ನೇ ಕೊಲ್ಲುವ ಕರುಳುಬೇನೆ: ಲಸಿಕೆ ಹಾಗೂ ಮೇವು ಬದಲಾವಣೆಯ ಕ್ರಮ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಲಾದ ಉಪನ್ಯಾಸದ ಪಠ್ಯ)



ಕುರಿ ಮೇಕೆಗಳ ರೋಗಗಳಲ್ಲಿ ಬಹುಪಾಲು ಬಡಕಲು ಪ್ರಾಣಿಯನ್ನು ಮೊದಲು ಹಿಡಿಯುತ್ತವೆ. ಕರುಳುಬೇನೆಯ ರೀತಿ ಇದಕ್ಕೆ ವಿರುದ್ಧವಾದುದು. ಹಟ್ಟಿಯಲ್ಲಿ ಎಲ್ಲಕ್ಕಿಂತ ದಷ್ಟಪುಷ್ಟವಾದ, ಸಂಜೆ ಚೆನ್ನಾಗಿ ಮೇದು ಮಲಗಿದ ಮರಿಯೇ ಬೆಳಗಿನ ಹೊತ್ತಿಗೆ ಸತ್ತು ಬಿದ್ದಿರುತ್ತದೆ. ಹಿಂದಿನ ದಿನ ಯಾವ ಕಾಯಿಲೆಯೂ ಕಾಣದ ಕಾರಣ ಸಾಕಿದವರು ಹಾವು ಕಚ್ಚಿತೆಂದೋ, ಯಾರೋ ವಿಷವಿಕ್ಕಿದರೆಂದೋ, ದೃಷ್ಟಿ ತಗುಲಿತೆಂದೋ ಭಾವಿಸುವುದುಂಟು. ನೆರೆಹೊರೆಯವರ ಮೇಲೆ ಸಂಶಯ ಬೆಳೆದು ಪ್ರಕರಣವು ಪಂಚಾಯತಿಯ ಮುಂದೆ ಬರುವುದೂ ಉಂಟು. ಆದುದರಿಂದ ಈ ಸಾವಿನ ನಿಜವಾದ ಕಾರಣವನ್ನು ಸದಸ್ಯರು ತಿಳಿದಿರುವುದು ಅವಶ್ಯ.

ವಿಷವು ಮರಿಯ ಕರುಳಿನೊಳಗೇ ಹುಟ್ಟುತ್ತದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ರೋಗಾಣುವಿನ ‘ಡಿ’ ವಿಧವು ಮಣ್ಣಿನಲ್ಲಿಯೂ ಆರೋಗ್ಯವಂತ ಕುರಿಗಳ ಕರುಳಿನಲ್ಲಿಯೂ ಅಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಅದರಿಂದ ತೊಂದರೆಯಿಲ್ಲ. ಒಣ ಮೇವು ತಿನ್ನುತ್ತಿದ್ದ ಮರಿಗೆ ಒಮ್ಮೆಲೇ ಹೆಚ್ಚು ಕಾಳು, ಹಿಂಡಿ ಅಥವಾ ಎಳೆ ಹುಲ್ಲು ದೊರೆತಾಗ ಅದರ ಹೊಟ್ಟೆಗೆ ಅಷ್ಟನ್ನು ಅರಗಿಸಲು ಸಾಧ್ಯವಾಗುವುದಿಲ್ಲ. ಅರಗದ ಹಿಟ್ಟಿನ ಅಂಶವು ಸಣ್ಣ ಕರುಳಿಗೆ ಇಳಿದು ರೋಗಾಣುವಿಗೆ ಆಹಾರವಾಗುತ್ತದೆ. ರೋಗಾಣು ಕೆಲವೇ ಗಂಟೆಗಳಲ್ಲಿ ಅಪಾರವಾಗಿ ವೃದ್ಧಿಸಿ ಎಪ್ಸಿಲಾನ್ ಎಂಬ ನಂಜನ್ನು ಉತ್ಪಾದಿಸುತ್ತದೆ. ಆ ನಂಜು ರಕ್ತಕ್ಕೆ ಸೇರಿ ಮಿದುಳು ಮತ್ತು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಒಂಟಿಯಾಗಿ ಹುಟ್ಟಿ ತಾಯಿಯ ಹಾಲನ್ನೆಲ್ಲ ತಾನೇ ಕುಡಿದ ಮರಿ, ಗೋದಲಿಯಲ್ಲಿ ಉಳಿದವುಗಳನ್ನು ತಳ್ಳಿ ತಿನ್ನುವ ಮರಿ ಮೊದಲು ಸಾಯುವುದು ಈ ಕಾರಣದಿಂದಲೇ.

ನಮ್ಮ ನಾಡಿನಲ್ಲಿ ಇಂತಹ ಸಂದರ್ಭಗಳು ಮುಖ್ಯವಾಗಿ ಮೂರು. ಮುಂಗಾರಿನ ಮೊದಲ ಮಳೆಗಳ ನಂತರ ಎಳೆ ಹುಲ್ಲು ಚಿಗುರಿದಾಗ. ಕೊಯ್ಲಾದ ಮೆಕ್ಕೆಜೋಳದ ಹೊಲದಲ್ಲಿ ತೆನೆಗಳು ಉದುರಿ ಬಿದ್ದಿರುವಾಗಲೇ ಹಿಂಡನ್ನು ಬಿಟ್ಟಾಗ. ಸಂತೆಯಿಂದ ತಂದ ಟಗರು ಮರಿಗಳಿಗೆ ಬೇಗ ತೂಕ ಬರಲೆಂದು ಮೊದಲ ದಿನವೇ ಕಾಳು ಸುರಿದಾಗ.

ಸಾವಿಗೆ ಮುನ್ನ ಲಕ್ಷಣಗಳು ಕಂಡರೂ ಅವು ಕೆಲವು ಗಂಟೆಗಳ ಕಾಲ ಮಾತ್ರ. ಮರಿ ತೂರಾಡುತ್ತದೆ, ಬಾಯಲ್ಲಿ ನೊರೆ ಬರುತ್ತದೆ, ಕುತ್ತಿಗೆಯನ್ನು ಬೆನ್ನಿನ ಕಡೆಗೆ ಸೆಟೆದು ಕಾಲು ಬಡಿಯುತ್ತದೆ. ಮೇಕೆಗಳಲ್ಲಿ ತೀವ್ರ ಭೇದಿ ಮತ್ತು ಹೊಟ್ಟೆನೋವಿನ ಅರಚಾಟ ಹೆಚ್ಚಾಗಿ ಕಾಣುತ್ತದೆ. ಈ ಹಂತದಲ್ಲಿ ಔಷಧದಿಂದ ಉಳಿಯುವ ಮರಿಗಳು ವಿರಳ. ಅತಿಯಾಗಿ ಕಾಳು ತಿಂದು ಹೊಟ್ಟೆ ಹುಳಿಯಾಗುವುದು, ಎಳೆ ಜೋಳದ ಪೈರಿನ ವಿಷ, ನೆರಡಿ ರೋಗ ಇವೂ ಹಠಾತ್ ಸಾವನ್ನು ತರುವುದರಿಂದ ನೋಟ ಮಾತ್ರದಿಂದ ನಿರ್ಧರಿಸಬಾರದು. ಪಶುವೈದ್ಯರು ಮರಣೋತ್ತರ ಪರೀಕ್ಷೆ ನಡೆಸಿ ಕರುಳಿನೊಳಗಿನ ದ್ರವವನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕಾಗುತ್ತದೆ. ಮೂತ್ರಪಿಂಡ ಮೆತ್ತಗಾಗಿರುವುದು ಈ ರೋಗದ ಒಂದು ಗುರುತು. ಆದರೆ ಬಿಸಿಲಿನಲ್ಲಿ ಹೊತ್ತು ಕಳೆದ ಯಾವ ಕಳೇಬರದಲ್ಲಿಯೂ ಅದು ಮೆತ್ತಗಾಗುತ್ತದೆ. ಆದುದರಿಂದ ಸಾವಿನ ಸುದ್ದಿ ಪಶು ಆಸ್ಪತ್ರೆಗೆ ಬೇಗನೆ ಮುಟ್ಟಬೇಕು. ಮೂಗು, ಬಾಯಿ ಅಥವಾ ಗುದದ್ವಾರದಿಂದ ರಕ್ತ ಸೋರಿದ್ದರೆ ಅದು ನೆರಡಿ ರೋಗವಿರಬಹುದಾದ್ದರಿಂದ ಕಳೇಬರವನ್ನು ಯಾರೂ ಕೊಯ್ಯಕೂಡದು.

ರೋಗ ಬಂದ ಮೇಲೆ ಮಾಡಲಾಗುವುದು ಅಲ್ಪ. ಬಾರದಂತೆ ತಡೆಯುವುದು ಸುಲಭಸಾಧ್ಯ. ಅದಕ್ಕೆ ಲಸಿಕೆ ಮತ್ತು ನಿಧಾನವಾದ ಮೇವು ಬದಲಾವಣೆ ಎರಡೂ ಬೇಕು. ಇವು ಜೊತೆಯಾಗಿ ನಡೆಯುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡಬಹುದು.

ಒಬ್ಬ ರೈತರು ಸುಮಾರು ನಾಲ್ಕು ತಿಂಗಳ 30 ಟಗರು ಮರಿಗಳನ್ನು ಸಂತೆಯಿಂದ ತಂದರೆಂದು ಭಾವಿಸೋಣ. ಅವುಗಳ ತಾಯಂದಿರಿಗೆ ಲಸಿಕೆಯಾಗಿತ್ತೋ ಇಲ್ಲವೋ ತಿಳಿಯದು. ಆಗಿಲ್ಲವೆಂದೇ ತಿಳಿದು ನಡೆಯಬೇಕು. ಮೊದಲ ಮೂರು ದಿನ ನೀರು, ಶೇಂಗಾ ಹೊಟ್ಟು, ಒಣ ಸೊಪ್ಪೆ ಮಾತ್ರ, ಕಾಳು ಬೇಡ. ನಾಲ್ಕನೆಯ ದಿನ ದಣಿವಾರಿದ ಮರಿಗಳಿಗೆ ಲಸಿಕೆಯ ಮೊದಲ ಸುತ್ತು. ಅಂದಿನಿಂದ ಪ್ರತಿ ಮರಿಗೆ ದಿನಕ್ಕೆ 50 ಗ್ರಾಂ ಕಾಳು, ಅಂದರೆ ಇಡೀ ಹಿಂಡಿಗೆ ಒಂದೂವರೆ ಕಿಲೋ, ಬೆಳಿಗ್ಗೆ ಸಂಜೆ ಹಂಚಿ ಕೊಡುವುದು. ನಾಲ್ಕು ದಿನಕ್ಕೊಮ್ಮೆ ಮರಿಗೆ 50 ಗ್ರಾಂನಂತೆ ಹೆಚ್ಚಿಸುತ್ತ ಹೋದರೆ ಹದಿನಾರನೆಯ ದಿನಕ್ಕೆ 200 ಗ್ರಾಂ ಆಗುತ್ತದೆ. ಹತ್ತೊಂಬತ್ತನೆಯ ದಿನ, ಮೊದಲ ಸುತ್ತಿನಿಂದ 15 ದಿನಗಳ ನಂತರ, ಎರಡನೆಯ ಸುತ್ತಿನ ಲಸಿಕೆ. ಇಪ್ಪತ್ತನಾಲ್ಕನೆಯ ದಿನಕ್ಕೆ ಕಾಳು 300 ಗ್ರಾಂ ತಲುಪುತ್ತದೆ. ಎರಡನೆಯ ಸುತ್ತು ತಡವಾದರೆ ಕಾಳನ್ನೂ ಅಲ್ಲಿಯೇ ನಿಲ್ಲಿಸಬೇಕು. ಏಕೆಂದರೆ ಒಂದೇ ಸುತ್ತಿನಿಂದ ದೊರೆಯುವ ರಕ್ಷಣೆ ದುರ್ಬಲವಾದುದು ಮತ್ತು ಬೇಗ ಇಳಿಯುವಂತಹುದು. ಎರಡನೆಯ ಸುತ್ತನ್ನು ಮರೆಯುವುದೇ ಹಳ್ಳಿಗಳಲ್ಲಿ ಲಸಿಕೆ ವಿಫಲವೆನಿಸಲು ದೊಡ್ಡ ಕಾರಣ.

ಕಾಳಿಗೆ ಮೊದಲು ಒಣ ಮೇವು ಹಾಕಿ ಹಸಿವನ್ನು ತಗ್ಗಿಸಬೇಕು. ಪ್ರತಿ ಮರಿಗೂ ಗೋದಲಿಯಲ್ಲಿ ಒಂದು ಅಡಿಯಷ್ಟು ಜಾಗ ಬೇಕು. ಎರಡೂ ಬದಿಯಿಂದ ತಿನ್ನುವಂತಿದ್ದರೆ 30 ಮರಿಗಳಿಗೆ 15 ಅಡಿ ಉದ್ದದ ಗೋದಲಿ ಸಾಕು. ಜಾಗ ಕಡಿಮೆಯಾದರೆ ಲೆಕ್ಕದಲ್ಲಿ 200 ಗ್ರಾಂ ಇದ್ದರೂ ಬಲಿಷ್ಠ ಮರಿಯೊಂದು ಅದರ ಎರಡರಷ್ಟನ್ನು ತಿಂದಿರುತ್ತದೆ. ಹೊಲಕ್ಕೆ ಬಿಡುವ ಹಿಂಡಿಗೂ ಇದೇ ನಿಯಮ: ಒಣ ಮೇವು ತಿನ್ನಿಸಿದ ಮೇಲೆ ಮೊದಲ ದಿನ ಅರ್ಧ ಗಂಟೆ, ಮುಂದೆ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚು.

ಹಟ್ಟಿಯಲ್ಲಿಯೇ ಹುಟ್ಟುವ ಮರಿಗಳ ರಕ್ಷಣೆ ತಾಯಿಯಿಂದ ಆರಂಭವಾಗುತ್ತದೆ. ಹಿಂದೆ ಲಸಿಕೆ ಪಡೆದ ಗಬ್ಬದ ಕುರಿಗೆ ಈಯುವ ನಾಲ್ಕರಿಂದ ಆರು ವಾರ ಮೊದಲು ಮತ್ತೊಮ್ಮೆ ಹಾಕಿಸಿದರೆ ಗಿಣ್ಣುಹಾಲಿನ ಮೂಲಕ ಮರಿಗೆ ಮೊದಲ ಕೆಲವು ವಾರಗಳ ರಕ್ಷಣೆ ದೊರೆಯುತ್ತದೆ. ಅಂತಹ ಮರಿಗಳಿಗೆ ಮೂರರಿಂದ ನಾಲ್ಕು ತಿಂಗಳಲ್ಲಿ ಎರಡು ಸುತ್ತು, ಬಳಿಕ ಪ್ರತಿ ವರ್ಷ ಮುಂಗಾರಿಗೆ ಮುನ್ನ ಒಮ್ಮೆ. ತಾಯಿಗೆ ಲಸಿಕೆಯಾಗಿರದಿದ್ದರೆ ಮರಿಗೆ ಇನ್ನೂ ಮೊದಲೇ ಆರಂಭಿಸಬೇಕಾದ್ದರಿಂದ ಪಶುವೈದ್ಯರನ್ನು ಕೇಳಬೇಕು. ಮೇಕೆಗಳಲ್ಲಿ ಈ ಲಸಿಕೆಯ ಬಲ ಕುರಿಗಳಲ್ಲಿರುವಷ್ಟು ಕಾಲ ನಿಲ್ಲುವುದಿಲ್ಲ. ಅವುಗಳಿಗೆ ವರ್ಷಕ್ಕೆ ಎರಡು ಬಾರಿ ಬೇಕಾಗಬಹುದು, ಮೇವಿನ ಎಚ್ಚರವೂ ಹೆಚ್ಚು ಬೇಕು.

ಹಿಂಡಿನಲ್ಲಿ ಸಾವು ಆರಂಭವಾಗಿದ್ದರೆ ಮೊದಲು ಮಾಡಬೇಕಾದುದು ಕಾಳು ಮತ್ತು ಎಳೆ ಹುಲ್ಲನ್ನು ಅಂದೇ ನಿಲ್ಲಿಸಿ ಒಣ ಮೇವಿಗೆ ಮರಳುವುದು. ಲಸಿಕೆಯ ಬಲ ಬರಲು ದಿನಗಳು ಹಿಡಿಯುತ್ತವೆ. ಮೇವು ನಿಲ್ಲಿಸಿದ ಫಲ ಒಂದೆರಡು ದಿನದಲ್ಲಿಯೇ ಕಾಣುತ್ತದೆ. ಲಸಿಕೆ ಹಾಕಿದ ಮಾರನೆಯ ದಿನ ಮರಿ ಸತ್ತರೆ ಲಸಿಕೆಯೇ ಕೊಂದಿತೆಂಬ ಮಾತು ಹರಡುತ್ತದೆ. ಈ ವಿಷಯವನ್ನು ಲಸಿಕೆಗೆ ಮುನ್ನವೇ ಸಾಕಣೆದಾರರಿಗೆ ತಿಳಿಸುವುದು ಲೇಸು.

ಪಂಚಾಯತಿಯ ಕೆಲಸ ಏಪ್ರಿಲ್‌ನಲ್ಲಿ ಆರಂಭವಾಗಬೇಕು. ವಾರ್ಡುವಾರು ಕುರಿ, ಮೇಕೆ ಮತ್ತು ಮರಿಗಳ ಸಂಖ್ಯೆಯನ್ನು, ವಲಸೆ ಹೋಗುವ ಹಿಂಡುಗಳು ಊರು ಬಿಡುವ ದಿನವನ್ನು ಬರೆದು ಪಶು ಆಸ್ಪತ್ರೆಗೆ ಕೊಟ್ಟರೆ ಮೇ ತಿಂಗಳಿನೊಳಗೆ ಲಸಿಕೆ ತರಿಸಿಕೊಳ್ಳಲು ಸಾಧ್ಯ. ಲಸಿಕೆಯು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಬಿಸಿಲು ತಾಗಿದರೂ ಹೆಪ್ಪುಗಟ್ಟಿದರೂ ಅದು ಕೆಡುತ್ತದೆ. ಶಿಬಿರಕ್ಕೆ ನೆರಳು, ಮಂಜುಗಡ್ಡೆ ಮತ್ತು ಮರಿಗಳನ್ನು ಹಿಡಿಯಲು ಆಳುಗಳ ಏರ್ಪಾಡು ಪಂಚಾಯತಿಯಿಂದಾಗಬೇಕು. ಮೊದಲ ಸುತ್ತಿನ ದಿನವೇ ಎರಡನೆಯ ಸುತ್ತಿನ ದಿನಾಂಕವನ್ನು ಪಂಚಾಯತಿ ಕಚೇರಿಯ ಫಲಕದಲ್ಲಿ ಬರೆದು, ಹಿಂದಿನ ಸಂಜೆ ಡಂಗುರ ಸಾರಿಸತಕ್ಕದ್ದು. ಹಠಾತ್ ಸಾವು ಕಂಡಾಗ ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಅಂದೇ ತಿಳಿಸತಕ್ಕದ್ದು.