ಪಿಂಚಣಿ ಹೆಚ್ಚಾಗಿ ಬಂದಿದೆ, ವಾಪಸ್ ಕೊಡಿ ಅಂತ ನೋಟಿಸ್ ಬಂದ್ರೆ

ನಾವು ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತಿರ್ತೀವಿ. ಊರಲ್ಲಿರೋ ಅಪ್ಪ ವಾಟ್ಸಾಪಿನಲ್ಲಿ ಬ್ಯಾಂಕಿನ ಕಾಗದದ ಫೋಟೊ ಕಳಿಸ್ತಾರೆ: "ನಿಮಗೆ ಪಿಂಚಣಿ ಹೆಚ್ಚುವರಿಯಾಗಿ ಪಾವತಿಯಾಗಿದೆ, ವಸೂಲಿ ಮಾಡಲಾಗುವುದು." ಇದು ಹೇಗಾಗುತ್ತೆ, ಏನು ಮಾಡಬೇಕು ಅನ್ನೋದನ್ನ ಒಂದೇ ಒಂದು ಕಾರಣ ಹಿಡಿದು ನೋಡೋಣ. ಆ ಕಾರಣ ಕಮ್ಯುಟೇಶನ್. ಕೇಂದ್ರ ಸರ್ಕಾರದ ನಿಯಮ ಇಟ್ಕೊಂಡು ಹೇಳ್ತೀನಿ. ರಾಜ್ಯ ಸರ್ಕಾರದವರಿಗೆ ಪ್ರಮಾಣಗಳು ಬೇರೆ ಇರಬಹುದು.

ನಿವೃತ್ತರಾಗುವವರು ಮೂಲ ಪಿಂಚಣಿಯ ಗರಿಷ್ಠ ಶೇ. 40 ಭಾಗವನ್ನ ಮಾರಿ ಇಡಿಗಂಟು ತಗೋಬಹುದು. ಇಡಿಗಂಟು ಕೈಗೆ ಬಂದ ಮೇಲೆ ಅಷ್ಟು ಭಾಗ ಪ್ರತಿ ತಿಂಗಳು ಕಡಿತ ಆಗಬೇಕು. 15 ವರ್ಷ ಆದ ಮೇಲೆ ಆ ಭಾಗ ಮತ್ತೆ ಸೇರುತ್ತೆ. ತೊಂದರೆ ಎಲ್ಲಿ ಅಂದ್ರೆ, ಇಡಿಗಂಟು ಕೊಡೋದು ಒಂದು ಕಡೆ, ತಿಂಗಳ ಪಿಂಚಣಿ ಹಾಕೋದು ಬ್ಯಾಂಕಿನ ಕೇಂದ್ರೀಕೃತ ಪಿಂಚಣಿ ವಿಭಾಗ. ಹಣ ಪಾವತಿಯಾದ ದಿನಾಂಕ ಅಲ್ಲಿನ ಸಿಸ್ಟಮ್‌ಗೆ ಹೋಗದಿದ್ರೆ ಕಡಿತ ಶುರುವೇ ಆಗಲ್ಲ. ಎಷ್ಟೋ ತಿಂಗಳಾದ ಮೇಲೆ ಆಡಿಟ್‌ನಲ್ಲಿ ಸಿಕ್ಕುತ್ತೆ.

ಒಂದು ಉದಾಹರಣೆ ತಗೊಳ್ಳಿ. 60ಕ್ಕೆ ನಿವೃತ್ತರಾದವರು, ಮೂಲ ಪಿಂಚಣಿ 40,000. ಶೇ. 40 ಅಂದ್ರೆ 16,000 ಕಮ್ಯುಟ್ ಮಾಡಿದ್ರು. ಮುಂದಿನ ಹುಟ್ಟುಹಬ್ಬಕ್ಕೆ 61 ಆಗೋರಿಗೆ ಫ್ಯಾಕ್ಟರ್ 8.194. ಹಾಗಾಗಿ 16,000 × 12 × 8.194 = 15,73,248 ರೂಪಾಯಿ. ಅದು 2023ರ ಜೂನ್ 30ಕ್ಕೆ ಖಾತೆಗೆ ಬಂತು ಅಂತಿಟ್ಕೊಳ್ಳಿ. ಜುಲೈನಿಂದ ಮೂಲ ಪಿಂಚಣಿ 24,000 ಆಗಬೇಕಿತ್ತು, ಆದ್ರೆ 2024ರ ಡಿಸೆಂಬರ್‌ವರೆಗೆ 40,000ವೇ ಬರ್ತಾ ಇತ್ತು. ಒಟ್ಟು 18 ತಿಂಗಳು.

ಈಗ ನೋಟಿಸ್ ಬಂತು: 4,31,040 ಕಟ್ಟಿ. ಇಲ್ಲಿ ನಿಲ್ಲಬೇಕು. ತುಟ್ಟಿ ಪರಿಹಾರ, ಅಂದ್ರೆ ಡಿಆರ್, ಲೆಕ್ಕ ಆಗೋದು ಕಮ್ಯುಟೇಶನ್‌ಗೆ ಮುಂಚಿನ ಪೂರ್ತಿ 40,000ದ ಮೇಲೆ. ಕಡಿತ ಆದ್ರೂ ಡಿಆರ್ ಕಮ್ಮಿ ಆಗಲ್ಲ. ಹಾಗಾಗಿ ಹೆಚ್ಚು ಬಂದಿದ್ದು ಬರೀ 16,000 × 18 = 2,88,000. ಬ್ಯಾಂಕು 16,000ದ ಮೇಲಿನ ಡಿಆರ್ ಕೂಡ ಸೇರಿಸಿಬಿಟ್ಟಿದೆ: ಆರಾರು ತಿಂಗಳು ಶೇ. 46, 50, 53ರಂತೆ 1,43,040. ಅಷ್ಟೂ ತಪ್ಪು ಬೇಡಿಕೆ.

ಇದು ಒಟ್ಟು ಮೊತ್ತ ನೋಡಿದ್ರೆ ಗೊತ್ತಾಗಲ್ಲ. ಅದಕ್ಕೇ ಮೊದಲ ಕೆಲಸ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕದೆ ಲಿಖಿತವಾಗಿ ಕೇಳೋದು. ತಿಂಗಳವಾರು ಎಷ್ಟು ಬರಬೇಕಿತ್ತು, ಎಷ್ಟು ಬಂತು ಅನ್ನೋ ಪಟ್ಟಿ ಕೊಡಿ. ಯಾವ ನಿಯಮದ ಮೇಲೆ ವಸೂಲಿ ಅಂತ ತಿಳಿಸಿ. ಉತ್ತರ ಬರೋವರೆಗೆ ಕಡಿತ ನಿಲ್ಲಿಸಿ. ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸ್ಕೊಳ್ಳಿ. ಪಟ್ಟಿ ಬಂದ ಮೇಲೆ ಪಿಪಿಒ ಪಕ್ಕದಲ್ಲಿಟ್ಟು ಹೋಲಿಸಿ. ಕಮ್ಯುಟ್ ಆದ ಮೊತ್ತ, ಉಳಿದ ಪಿಂಚಣಿ ಎರಡೂ ಅದರಲ್ಲಿರುತ್ತೆ.

ಇನ್ನೊಂದು ದಿನಾಂಕ ನೋಡ್ಲೇಬೇಕು. ಕಡಿತ 2025ರ ಜನವರಿಯಲ್ಲಿ ಶುರುವಾದ್ರೆ ಸಿಸ್ಟಮ್ 15 ವರ್ಷವನ್ನ ಅಲ್ಲಿಂದಲೇ ಎಣಿಸೋ ಅಪಾಯ ಇದೆ. ಹಳೇ ತಿಂಗಳ ಬಾಕಿಯನ್ನ ಕಟ್ತಾ ಇದ್ದೀರಲ್ಲ, ಹಾಗಾದ್ರೆ ಪೂರ್ತಿ ಪಿಂಚಣಿ ಮರಳಬೇಕಾದ್ದು 2038ರ ಜುಲೈನಲ್ಲಿ. ಇದನ್ನ ಬ್ಯಾಂಕಿನಿಂದ ಬರಹದಲ್ಲಿ ಪಡೀರಿ. ಇಲ್ಲಾಂದ್ರೆ 18 ತಿಂಗಳು ಎರಡು ಸಲ ಕಟ್ಟಿದಂಗಾಗುತ್ತೆ.

ಈಗ ಎಲ್ಲರೂ ಕೇಳೋ ಪ್ರಶ್ನೆ: ನಿವೃತ್ತರಿಂದ ವಸೂಲಿ ಮಾಡಂಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆಯಲ್ಲ? ಹೌದು, 2014ರ ರಫೀಕ್ ಮಸೀಹ್ ತೀರ್ಪಿನಲ್ಲಿ ಹೇಳಿದೆ. ಕೆಲವು ಸಂದರ್ಭಗಳಲ್ಲಿ ಉದ್ಯೋಗದಾತರು ವಸೂಲಿ ಮಾಡಬಾರದು, ನಿವೃತ್ತರ ಪ್ರಕರಣ ಅದರಲ್ಲೊಂದು. ಆದ್ರೆ 2016ರ ಜಗದೇವ್ ಸಿಂಗ್ ತೀರ್ಪಿನಲ್ಲಿ, ಹೆಚ್ಚು ಬಂದ್ರೆ ವಾಪಸ್ ಕೊಡ್ತೀನಿ ಅಂತ ಮುಚ್ಚಳಿಕೆ ಬರೆದುಕೊಟ್ಟವರಿಗೆ ಆ ರಕ್ಷಣೆ ಸಿಗಲಿಲ್ಲ. ಪಿಂಚಣಿ ಶುರುವಾಗುವಾಗ ಬ್ಯಾಂಕುಗಳು ಇಂಥ ಮುಚ್ಚಳಿಕೆ ತಗೊಂಡಿರ್ತವೆ. ಅದರ ಪ್ರತಿ ಕೇಳಿ ಓದಿ. ನಮ್ಮ ಉದಾಹರಣೆಯಲ್ಲಿ ಇಡಿಗಂಟು ಪಡೆದಿದ್ದು ಅವರಿಗೆ ಗೊತ್ತಿತ್ತು. ಹಾಗಾಗಿ ತೀರ್ಪನ್ನೇ ನೆಚ್ಚಿ ಕೂರೋದಕ್ಕಿಂತ, 1,43,040 ಬಿಡಿಸ್ಕೊಂಡು ಉಳಿದಿದ್ದಕ್ಕೆ ಕಂತು ಕೇಳೋದು ಮೇಲು. ತಿಂಗಳಿಗೆ 8,000 ಅಂದ್ರೆ 36 ಕಂತು. ಆಸ್ಪತ್ರೆ ಖರ್ಚಿದ್ರೆ ದಾಖಲೆ ಲಗತ್ತಿಸಿ ಇನ್ನೂ ಕಮ್ಮಿ ಕಂತು ಕೇಳಬಹುದು.

ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ರೆ cms.rbi.org.in ನಲ್ಲಿ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಕೇಂದ್ರದ ಪಿಂಚಣಿದಾರರಿಗೆ CPENGRAMS ಕೂಡ ಇದೆ. ಇವೆರಡನ್ನೂ ನಾವು ಇಲ್ಲಿಂದಲೇ, ಅಪ್ಪನ ಹೆಸರಲ್ಲಿ, ಅವರ ಜೊತೆ ಫೋನಿನಲ್ಲಿ ಮಾತಾಡ್ತಾ ತುಂಬಬಹುದು.

ನೋಟಿಸ್ ಇನ್ನೂ ಬಂದಿಲ್ಲ ಅಂದ್ರೂ ಈ ಭಾನುವಾರ ಅಪ್ಪನ ಪಿಂಚಣಿ ಸ್ಲಿಪ್ ತರಿಸಿ. ಕಮ್ಯುಟೇಶನ್ ತಗೊಂಡಿದ್ದು 15 ವರ್ಷದ ಒಳಗಾಗಿದ್ದು, ಸ್ಲಿಪ್‌ನಲ್ಲಿ ಕಡಿತದ ಸಾಲು ಇಲ್ಲದಿದ್ರೆ, ಇವತ್ತೇ ಬ್ಯಾಂಕಿಗೆ ಬರೀರಿ. ಆರು ತಿಂಗಳ ಬಾಕಿ ಕಟ್ಟೋದು ಸುಲಭ, ಆರು ವರ್ಷದ್ದು ಕಷ್ಟ.